ಮೊದಲ ಸಾಲು ಕಾಳಿಗೆ

ಮೈಸೂರಿನ ಒಂದು ಪ್ರದರ್ಶನಕ್ಕೆ ಫಲಕ ಬರೀತಿದೀನಿ. ಇವತ್ತಿನ ಸರದಿ ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಫೋಟೊ. ಮೂಲ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ವಿದ್ವಾಂಸರು ಕೊಟ್ಟ ಟಿಪ್ಪಣಿ ಶುರುವಾಗೋದೇ ಹೀಗೆ: ‘ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, ಗಂಗ ಬೂತುಗನನ್ನು ಉಲ್ಲೇಖಿಸುವ, ಶ್ವಾನ-ವರಾಹ ಕಾಳಗದ ಉಬ್ಬುಶಿಲ್ಪಯುಕ್ತ ಸ್ಮಾರಕಶಿಲೆ.’ ತಪ್ಪೇನಿಲ್ಲ. ಆದರೆ ನಿಂತು ಓದೋರು ಮೊದಲ ಅಲ್ಪವಿರಾಮಕ್ಕೇ ಪಕ್ಕದ ಫಲಕಕ್ಕೆ ಹೋಗಿರ್ತಾರೆ.

ಚಿತ್ರದಲ್ಲಿ ಕಣ್ಣಿಗೆ ಬೀಳೋದು ನಾಯಿ ಮತ್ತು ಹಂದಿ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ: ‘ಹಂದಿಯೊಡನೆ ಕಾದಾಡುತ್ತಿರುವ ಈ ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ರಾಜ ಬೂತುಗ “ಏನು ಬೇಕೋ ಕೇಳು” ಎಂದಾಗ ಅವನು ಕೇಳಿದ್ದು ಇದನ್ನೇ. ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ನಿಲ್ಲಿಸಿದ ಕಲ್ಲು ಇದು, ಸುಮಾರು ಕ್ರಿ.ಶ. 950.’

ಮಣಲೆರ ಮೆರೆದ ತಕ್ಕೋಲದ ಯುದ್ಧದ ಹೆಸರನ್ನೇ ಬಿಟ್ಟಿದ್ದಕ್ಕೆ ವಿದ್ವಾಂಸರಿಗೆ ಬೇಸರ. ಆ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ವಿಷಯ ಇದೇ ಕಲ್ಲಿನಲ್ಲಿದೆ, ಹಾಗಾಗಿ ಅವರ ಮಾತೂ ನ್ಯಾಯವೇ. ಅದಕ್ಕೆ ಎರಡನೇ ಪ್ಯಾರಾ ಕೊಟ್ಟೆ. ಕಾಳಿಯ ಮೇಲಕ್ಕೆ ಮಾತ್ರ ಹೋಗೋ ಹಾಗಿಲ್ಲ ಸಾರ್, ಅಂದೆ.