ಏಪ್ರಿಲ್ 21: ಫರಕ್ಕಾದಲ್ಲಿ ಕಟ್ಟು ಬದಲಾಗುವ ದಿನ

2025 ಏಪ್ರಿಲ್ 21, ಸೋಮವಾರ, ಮಂಡ್ಯ

ಇಂದಿಗೆ ಸರಿಯಾಗಿ 50 ವರ್ಷಗಳ ಹಿಂದೆ, 1975ರ ಏಪ್ರಿಲ್ 21ರಂದು, ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಗಂಗೆಯ ನೀರನ್ನು ಮೊದಲ ಬಾರಿಗೆ ಫೀಡರ್ ಕಾಲುವೆಗೆ ತಿರುಗಿಸಿದರು. ಹೂಳು ತುಂಬುತ್ತಿದ್ದ ಕೋಲ್ಕತ್ತಾ ಬಂದರಿಗೆ ಹೂಗ್ಲಿಯ ಮೂಲಕ ನೀರು ಹಾಯಿಸಿ ಹಡಗುಗಳ ದಾರಿ ತೆರೆದಿಡುವುದು ಉದ್ದೇಶ. ಬಾಂಗ್ಲಾದೇಶ ಆಗ ಒಪ್ಪಿದ್ದು 41 ದಿನಗಳ ಪ್ರಯೋಗಕ್ಕೆ ಮಾತ್ರ. ಮರುವರ್ಷ ಯಾವ ಒಪ್ಪಂದವೂ ಇಲ್ಲದೆ ನೀರು ತಿರುಗುವುದು ಮುಂದುವರಿಯಿತು. ಅದನ್ನು ವಿರೋಧಿಸಿ 1976ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ನಾಯಕ ಮೌಲಾನಾ ಭಾಷಾನಿ ತಮ್ಮ ಇಳಿವಯಸ್ಸಿನಲ್ಲಿ ಜನರನ್ನು ಕಟ್ಟಿಕೊಂಡು ಫರಕ್ಕಾದ ಕಡೆಗೆ ನಡೆದರು.

ತಾರೀಕು ನೆನಪಾಗಿದ್ದು ಆ ಕಾರಣಕ್ಕಲ್ಲ. ಗಂಗೆಯ ನೀರು ಹಂಚಿಕೊಳ್ಳಲು ಭಾರತ ಮತ್ತು ಬಾಂಗ್ಲಾದೇಶ ಮಾಡಿಕೊಂಡ 1996ರ ಒಪ್ಪಂದದ ಪ್ರಕಾರ ಇಂದು ಫರಕ್ಕಾದಲ್ಲಿ ಸರದಿ ಬದಲಾಗುತ್ತದೆ. ನಿನ್ನೆಗೆ ಭಾರತದ ಹತ್ತು ದಿನ ಮುಗಿದು, ಇಂದಿನಿಂದ 30ರವರೆಗೆ ಬಾಂಗ್ಲಾದೇಶದ ಹತ್ತು ದಿನ.

ಬೆಳಿಗ್ಗೆ ಮದ್ದೂರಿನಿಂದ ಭಾವ ಬಂದಿದ್ದರು. ಅವರ ಗದ್ದೆ ನಾಲೆಯ ಕೊನೆ ಭಾಗದಲ್ಲಿದೆ. ಕಾಫಿ ಕುಡಿಯುತ್ತಾ ಇದನ್ನು ಹೇಳಿದಾಗ ಅವರು, "ಹಾಗಾದರೆ ಅಲ್ಲಿಯೂ ನಮ್ಮ ಕಟ್ಟು ಪದ್ಧತಿಯೇ ನಡೆಯುತ್ತದೆ ಎನ್ನಿ" ಎಂದರು. ಹೌದು, ಸರದಿಯಂತೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ನಮ್ಮ ನಾಲೆಯ ಕಟ್ಟು ಪದ್ಧತಿಯಂತೆಯೇ, ಎರಡು ದೇಶಗಳ ನಡುವೆ ನಡೆಯುವ ಕಟ್ಟು ಅದು. ಕಾಗದ ತೆಗೆದುಕೊಂಡು ಅವರಿಗೆ ಲೆಕ್ಕ ಬರೆದು ತೋರಿಸಿದೆ.

ಜನವರಿ 1ರಿಂದ ಮೇ 31ರವರೆಗೆ, ಹತ್ತತ್ತು ದಿನಗಳ ಕಂತಿನಲ್ಲಿ, ಫರಕ್ಕಾಕ್ಕೆ ಬಂದ ನೀರನ್ನು ಹಂಚುತ್ತಾರೆ. ಬಂದದ್ದು 75,000 ಕ್ಯುಸೆಕ್ ಅಥವಾ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದೆಲ್ಲ ಬಾಂಗ್ಲಾದೇಶಕ್ಕೆ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. 70,000 ಅಥವಾ ಕಡಿಮೆಯಾದರೆ ಸಮಪಾಲು. ಇದರ ಮೇಲೊಂದು ಷರತ್ತಿದೆ. ನೀರು ತೀರಾ ಇಳಿಯುವ ಮಾರ್ಚ್ 11ರಿಂದ ಮೇ 10ರ ಅವಧಿಯಲ್ಲಿ ಒಂದು ಹತ್ತು ದಿನ ಬಾಂಗ್ಲಾದೇಶಕ್ಕೆ, ಮುಂದಿನ ಹತ್ತು ದಿನ ಭಾರತಕ್ಕೆ, ಹೀಗೆ ಒಬ್ಬೊಬ್ಬರಿಗೆ ಮೂರು ಬಾರಿ 35,000 ಕ್ಯುಸೆಕ್ ಖಾತರಿ. ಭಾವನಿಗೆ ಕ್ಯುಸೆಕ್‌ಗಿಂತ ಟಿಎಂಸಿ ಹತ್ತಿರದ ಮಾತು. 35,000 ಕ್ಯುಸೆಕ್ ಹತ್ತು ದಿನ ಹರಿದರೆ 30 ಟಿಎಂಸಿ. ಸುಮಾರು 16 ದಿನ ಹರಿದರೆ ಬರಿದಾದ ಕೆಆರ್‌ಎಸ್ ತುಂಬಿಬಿಡುತ್ತದೆ.

ಈಗ ಫರಕ್ಕಾಕ್ಕೆ 60,000 ಬರುತ್ತಿದೆ ಎಂದುಕೊಳ್ಳಿ ಎಂದೆ. ಸಮಪಾಲಾದರೆ ತಲಾ 30,000. ಖಾತರಿ ಇರುವುದರಿಂದ ಇಂದಿನಿಂದ ಬಾಂಗ್ಲಾದೇಶಕ್ಕೆ 35,000, ಕೋಲ್ಕತ್ತಾ ಕಡೆಗೆ 25,000. ಮೇ 1ರಿಂದ ಅದು ತಿರುವುಮುರುವು. ಭಾವ ತಕ್ಷಣ ಹಿಡಿದರು: "ಇಪ್ಪತ್ತು ದಿನ ಕೂಡಿದರೆ ಇಬ್ಬರಿಗೂ ಅಷ್ಟೇ ಬಂತಲ್ಲ? ಖಾತರಿಯಿಂದ ಲಾಭವೇನು?"

ಒಟ್ಟು ನೀರಿನಲ್ಲಿ ಲಾಭವಿಲ್ಲ, ಮಟ್ಟದಲ್ಲಿದೆ. ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕಾಲುವೆಯಲ್ಲಿ ಸದಾ ಅರ್ಧ ನೀರು ಬಿಟ್ಟರೆ ಕೊನೆಯ ತೂಬಿನ ಹೊಸ್ತಿಲನ್ನೂ ಅದು ಮುಟ್ಟುವುದಿಲ್ಲ; ಕೆಲವು ದಿನ ತುಂಬ ಬಿಟ್ಟು ಕೆಲವು ದಿನ ನಿಲ್ಲಿಸಿದರೆ ಮುಟ್ಟುತ್ತದೆ. ಬಾಂಗ್ಲಾದೇಶದಲ್ಲಿ ಆ ಕೊನೆಯ ತೂಬಿನಂತಿರುವುದು ಗೊರಾಯಿ ನದಿ. ಫರಕ್ಕಾ ದಾಟಿದ ಗಂಗೆಗೆ ಅಲ್ಲಿ ಪದ್ಮಾ ಎಂದು ಹೆಸರು. ಕುಷ್ಟಿಯಾ ಬಳಿ ಅದರಿಂದ ಕವಲೊಡೆಯುವ ಗೊರಾಯಿ ದಕ್ಷಿಣಕ್ಕೆ ಹರಿದು ಖುಲ್ನಾ ಪ್ರದೇಶಕ್ಕೂ ಸುಂದರಬನಕ್ಕೂ ಸಿಹಿನೀರು ಒಯ್ಯುತ್ತದೆ. ಪದ್ಮಾ ಇಳಿದು ನಿಧಾನವಾದಾಗ ಗೊರಾಯಿಯ ಬಾಯಲ್ಲಿ ಮರಳು ಕೂರುತ್ತದೆ, ಬಾಯಿ ಎತ್ತರವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಅಷ್ಟೇ ನೀರು ಬಂದರೂ ಒಳಗೆ ಹೋಗುವುದು ಕಡಿಮೆ. ಸಿಹಿನೀರಿನ ಒತ್ತು ತಪ್ಪಿದ ಕಡೆ ಬಂಗಾಳ ಕೊಲ್ಲಿಯ ಉಪ್ಪು ಉಬ್ಬರದೊಂದಿಗೆ ನದಿಯೊಳಗೆ ಏರುತ್ತದೆ. ಹೂಳೆತ್ತಿದರು, ಮಳೆಗಾಲದ ಪ್ರವಾಹ ಮತ್ತೆ ಮರಳು ತಂದು ಸುರಿಯಿತು.

ಈ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಶೇಖ್ ಹಸೀನಾ ಅವರೊಂದಿಗೆ ಸಹಿ ಹಾಕಿದವರು ನಮ್ಮ ದೇವೇಗೌಡರು. ಹಾಸನದ ನೆಲದಿಂದ ಹೋದವರು, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದವರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರನ್ನು ಜೊತೆಗಿರಿಸಿಕೊಂಡೇ ಕೆಲಸ ಮುಗಿಸಿದರು. 1988ರ ನಂತರ ಎಂಟು ಬೇಸಿಗೆ ಯಾವ ಒಪ್ಪಂದವೂ ಇಲ್ಲದೆ ಕಳೆದಿದ್ದವು. ಆ ಸಹಿಯ ಬಗ್ಗೆ ನನಗೆ ಅಂದಿಗೂ ಇಂದಿಗೂ ಗೌರವವಿದೆ.

ಆದರೆ ನಾಲೆಯ ಮೇಲೆ ವರ್ಷಗಟ್ಟಲೆ ಗೇಜ್ ಲೆಕ್ಕ ನೋಡಿದ ನನಗೆ ಅದರ ಎರಡು ದುರ್ಬಲ ಜಾಗಗಳು ಕಣ್ಣಿಗೆ ಚುಚ್ಚುತ್ತವೆ. ಮೊದಲನೆಯದು, ಒಪ್ಪಂದದ ಅನುಬಂಧದ ಪಟ್ಟಿ ನಿಂತಿರುವುದು 1949ರಿಂದ 1988ರವರೆಗಿನ 40 ವರ್ಷಗಳ ಸರಾಸರಿಯ ಮೇಲೆ. ಏಪ್ರಿಲ್ ಕೊನೆಯ ಹತ್ತು ದಿನಗಳಿಗೆ ಆ ಪಟ್ಟಿ ಹಿಡಿದಿರುವ ಹರಿವು 60,992 ಕ್ಯುಸೆಕ್. ಆ 40 ವರ್ಷಗಳ ಉದ್ದಕ್ಕೂ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಲುವೆ, ಪಂಪು, ಕೊಳವೆಬಾವಿಗಳು ಹೆಚ್ಚುತ್ತಲೇ ಬಂದಿದ್ದವು, ಆಮೇಲೂ ನಿಲ್ಲಲಿಲ್ಲ. ಹಂಚಿಕೆ ಆರಂಭವಾಗುವುದು ಫರಕ್ಕಾದಲ್ಲಿ. ಅದಕ್ಕಿಂತ ಮೇಲೆ ಖರ್ಚಾದ ನೀರಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಆ ಸರಾಸರಿಯನ್ನು ಕಾಪಾಡಲು ಮೇಲಿನ ದೇಶ ಎಲ್ಲ ಪ್ರಯತ್ನ ಮಾಡುತ್ತದೆ ಎಂಬ ಮಾತೊಂದಿದೆ, ಅಷ್ಟೇ.

ಎರಡನೆಯದು ಇನ್ನೂ ದೊಡ್ಡದು. ಹರಿವು 50,000 ಕ್ಯುಸೆಕ್‌ಗಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಮಾತನಾಡಬೇಕು ಎಂದಿದೆ. ಯಾರಿಗೆ ಎಷ್ಟು ಎಂಬ ಅಂಕಿ ಇಲ್ಲ. ಬರ ಬಿದ್ದಾಗ ಅಲ್ಲವೇ ಅಂಕಿ ಬೇಕಾಗುವುದು? 1977ರ ಐದು ವರ್ಷದ ಹಳೆಯ ಒಪ್ಪಂದದಲ್ಲಿ ಅದಿತ್ತು. ಎಷ್ಟೇ ಇಳಿದರೂ ಬಾಂಗ್ಲಾದೇಶಕ್ಕೆ ಪಟ್ಟಿಯ ಪಾಲಿನ ಶೇ 80 ಸಿಗಬೇಕಿತ್ತು. ಇದೇ ಏಪ್ರಿಲ್ ಕೊನೆಯ ಹತ್ತು ದಿನಕ್ಕೆ ಆಗಿನ ಪಾಲು 34,500. ಅದರ ಶೇ 80 ಎಂದರೆ 27,600. ಆ ಸಾಲನ್ನು ಕೈಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಈ ಒಪ್ಪಂದದ 30 ವರ್ಷ ಬರುವ 2026ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಹೊಸದನ್ನು ಬರೆಯುವವರು ಇತ್ತೀಚಿನ ವರ್ಷಗಳ ಹರಿವಿನ ಮೇಲೆ ಪಟ್ಟಿ ಕಟ್ಟಬೇಕು, 50,000ದ ಕೆಳಗೂ ಒಂದು ಲೆಕ್ಕ ಬರೆಯಬೇಕು.

ಭಾವ ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು: "ಕೊನೆಯವನಿಗೆ ಎಷ್ಟು ಮುಟ್ಟಿತು ಎಂದು ನೋಡುವವರು ಯಾರು?"

ಇದ್ದಾರೆ. ಫರಕ್ಕಾದಲ್ಲಿ ಅಣೆಕಟ್ಟೆಯ ಕೆಳಗೂ ಫೀಡರ್ ಕಾಲುವೆಯಲ್ಲೂ, ಬಾಂಗ್ಲಾದೇಶದ ಹಾರ್ಡಿಂಜ್ ರೈಲು ಸೇತುವೆಯ ಬಳಿಯೂ, ಎರಡು ದೇಶಗಳ ಜಂಟಿ ತಂಡಗಳು ಪ್ರತಿದಿನ ಅಳೆಯುತ್ತವೆ. ಒಪ್ಪಂದದ ಮೊದಲ ಬೇಸಿಗೆಯಲ್ಲೇ, 1997ರ ಮಾರ್ಚ್ ಕೊನೆಯಲ್ಲಿ, ಸೇತುವೆಯ ಬಳಿ ಅಳೆದ ಹರಿವು ತೀರಾ ಕುಸಿದು ದೊಡ್ಡ ಗಲಾಟೆಯಾಗಿತ್ತು. ಅದನ್ನು ಓದಿದಾಗ ನನಗೆ ಒಂದು ಕವಲು ಕಾಲುವೆಯ ಸಂಗತಿ ನೆನಪಾಯಿತು. ಕಾಲುವೆಯ ತಲೆಯಲ್ಲಿ ನೀರುಗಂಟಿ ಬರೆದ ಅಂಕಿ ಸರಿಯಾಗಿತ್ತು. ಕೊನೆಯ ಗೇಜ್ ಪಟ್ಟಿಯ ಮೇಲೆ ಹಿಂದಿನ ಕಟ್ಟಿನ ಪಾಚಿ ಬೆರಳಗಲದಷ್ಟು ಎತ್ತರದಲ್ಲಿ ಒಣಗಿ ಸಿಪ್ಪೆ ಏಳುತ್ತಿತ್ತು, ನೀರು ಅದರ ಕೆಳಗೇ ನಿಂತಿತ್ತು. ಒಣಗಿದ ಕಾಲುವೆಯ ತಳ ಮೊದಲ ದಿನದ ನೀರನ್ನು ಕುಡಿದುಬಿಟ್ಟಿತ್ತು, ದಾರಿಯಲ್ಲಿ ಪಂಪುಗಳೂ ಇದ್ದವು. ತಲೆಯ ಅಂಕಿಯೂ ಕೊನೆಯ ಅಂಕಿಯೂ ಸುಳ್ಳಲ್ಲ.

ಊಟವಾದ ಮೇಲೆ ಹಳೆಯ ನೋಟುಪುಸ್ತಕದಲ್ಲಿ ಮೂರು ಅಂಕಣ ಎಳೆದೆ: ಫರಕ್ಕಾಕ್ಕೆ ಬಂದದ್ದು, ಬಿಟ್ಟದ್ದು, ಹಾರ್ಡಿಂಜ್ ಸೇತುವೆ. ಎಡಕ್ಕೆ "ಏಪ್ರಿಲ್ 21-30, ಬಾಂಗ್ಲಾದೇಶದ ಕಟ್ಟು" ಎಂದು ಬರೆದಿದ್ದೇನೆ. ಅಂಕಿ ಪ್ರಕಟವಾದಂತೆ ತುಂಬುತ್ತೇನೆ, ಮೂರನೆಯ ಅಂಕಣವನ್ನು ಮೊದಲು.