‘ಆಗಿದೆ’ ಅಲ್ಲ, ‘ಆಗಬಹುದು’

ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ನಾನು ಚಿಕಿತ್ಸೆ ಕೊಟ್ಟ ಒಬ್ಬರ ಹೊಡೆದಾಟದ ಕೇಸಿಗೆ ಸೆಷನ್ಸ್ ಕೋರ್ಟಿನಿಂದ ಸಮನ್ಸ್ ಬಂತು. ಹಿಂದಿನ ರಾತ್ರಿ, ಪೊಲೀಸ್ ಕೇಸಾಗುವ ಗಾಯಗಳ ವಿವರ ಬರೆದಿಡುವ ಎಂಎಲ್‌ಸಿ ರಿಜಿಸ್ಟರಿನ ನಕಲು ತೆಗೆದು, ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ. ನಾನು ಕಣ್ಣಾರೆ ಕಂಡದ್ದು, ರೋಗಿ ಹೇಳಿದ್ದು, ನನಗೆ ಅನಿಸಿದ್ದು.

ಕಂಡದ್ದು ಇಷ್ಟು. ನೆತ್ತಿಯ ಮೇಲೆ ಐದು ಸೆಂಟಿಮೀಟರ್ ಉದ್ದದ ಸೀಳುಗಾಯ. ಅಂಚು ಜಜ್ಜಿತ್ತು. ಎಡ ಮುಂಗೈಯಲ್ಲಿ ಊತ, ಎಕ್ಸ್‌ರೇಯಲ್ಲಿ ಅಲ್ನಾ ಮೂಳೆಯ ನಡುಭಾಗ ಮುರಿದಿತ್ತು. ಬೇರೆಲ್ಲೂ ತರಚು ಇರಲಿಲ್ಲ. ಬಾಯಲ್ಲಿ ಮದ್ಯದ ವಾಸನೆ ಇತ್ತು. ‘ಪರಿಚಿತರು ದೊಣ್ಣೆಯಿಂದ ಹೊಡೆದರು’ ಅನ್ನೋದು ರೋಗಿ ಹೇಳಿದ ಮಾತು. ಅದನ್ನು ಹೇಳಿದಂತೆ ಬರೆದುಕೊಳ್ಳುವುದು ನನ್ನ ಕೆಲಸ. ಯಾರು ಹೊಡೆದರೋ ನಾನು ಕಂಡಿಲ್ಲ.

ಸರ್ಕಾರಿ ವಕೀಲರು ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ದೊಣ್ಣೆ, ತೋರಿಸಿದರು.

“ಇದರಿಂದಲೇ ಗಾಯ ಆಗಿದೆಯಲ್ಲವೇ ಡಾಕ್ಟ್ರೇ?”

“ಇಂಥ ಮೊಂಡು ವಸ್ತುವಿನಿಂದ ಆಗಬಹುದು. ಇದರಿಂದಲೇ ಅಂತ ಗಾಯ ನೋಡಿ ಹೇಳಲು ಆಗುವುದಿಲ್ಲ.”

ಮೂಳೆ ಮುರಿದದ್ದು ನಾನು ಎಕ್ಸ್‌ರೇಯಲ್ಲಿ ಕಂಡ ಸಂಗತಿ. ಮುರಿತ ಇದ್ದರೆ ಅದು ತೀವ್ರ ಗಾಯ ಅನ್ನುವುದು ಕಾನೂನು ಕೊಟ್ಟ ಹೆಸರು, ಆಗ ಐಪಿಸಿ 320, ಈಗ ಬಿಎನ್‌ಎಸ್ 116. ಎರಡನ್ನೂ ಬೇರೆ ಬೇರೆಯಾಗಿ ಹೇಳಿದೆ.

ಪಾಟೀ ಸವಾಲಿಗೆ ಎದ್ದ ಆರೋಪಿ ಪರ ವಕೀಲರು ವಾಸನೆಯ ಸಾಲನ್ನೇ ಹಿಡಿದರು.

“ಕುಡಿದು ಗಾಡಿಯಿಂದ ಬಿದ್ದರೂ ಇದೇ ಗಾಯ ಆಗುತ್ತೆ, ಹೌದೋ ಅಲ್ಲವೋ?”

ವಾಸನೆ ಇತ್ತು, ಆದರೆ ಅಮಲೇರಿತ್ತು ಎನ್ನಲು ರಕ್ತ ಪರೀಕ್ಷೆ ಮಾಡಿಲ್ಲ ಅಂದೆ. ಬಿದ್ದಾಗ ನೆತ್ತಿ ಒಡೆಯುವುದು ಸಾಧ್ಯವೇ ಇಲ್ಲ ಅನ್ನಲಾರೆ. ಆದರೆ ಗಾಡಿಯಿಂದ ಬಿದ್ದವರಿಗೆ ಸಾಮಾನ್ಯವಾಗಿ ಅಂಗೈ, ಮೊಣಕೈ, ಮೊಣಕಾಲು ತರಚಿರುತ್ತವೆ, ಇವರಿಗೆ ಇರಲಿಲ್ಲ. ಏಟು ತಡೆಯಲು ಕೈ ಎತ್ತಿದಾಗ ಅಲ್ನಾ ಹೀಗೆ ಮುರಿಯುವುದು ನಮಗೆ ಗೊತ್ತಿರುವ ವಿಷಯ. ಆದ್ದರಿಂದ ಬೀಳುವುದಕ್ಕಿಂತ ಏಟಿಗೆ ಈ ಗಾಯಗಳು ಹೆಚ್ಚು ಹೊಂದುತ್ತವೆ, “ಇದು ನನ್ನ ಅಭಿಪ್ರಾಯ, ಸ್ವಾಮಿ” ಎಂದು ನ್ಯಾಯಾಧೀಶರ ಕಡೆ ತಿರುಗಿ ಹೇಳಿದೆ. ಕಾರಣ ಹೇಳದೆ ಕೊಡುವ ಅಭಿಪ್ರಾಯವನ್ನು ಕೋರ್ಟು ಯಾಕೆ ನಂಬಬೇಕು, ಅಲ್ವಾ?

ನನಗೆ ಆ ಮನುಷ್ಯನ ನೋವು ನೆನಪಿತ್ತು. ಹೊಡೆದವರ ಮೇಲೆ ಸಿಟ್ಟೂ ಇತ್ತು. ಆದರೂ ‘ದೊಣ್ಣೆಯಿಂದಲೇ’ ಅಂದುಬಿಟ್ಟಿದ್ದರೆ ನನ್ನ ಆ ಒಂದು ಮಾತು ನಿಲ್ಲದೆ ಹೋದ ಕೂಡಲೇ ಗಟ್ಟಿಯಾದ ಎಕ್ಸ್‌ರೇ ಸಾಕ್ಷ್ಯದ ಮೇಲೂ ಅನುಮಾನ ಬರುತ್ತಿತ್ತು.

ಕೊನೆಗೆ ಟೈಪಾದ ಹೇಳಿಕೆ ಓದಿದೆ. ‘ಮುದ್ದೆಮಾಲಿನ ದೊಣ್ಣೆಯಿಂದ ಗಾಯ ಆಗಿದೆ’ ಎಂದಿತ್ತು. ಸುಮ್ನೆ ಸಹಿ ಹಾಕಲಿಲ್ಲ. ತಿದ್ದಿಸಲು ಕೇಳಿದೆ, ನ್ಯಾಯಾಧೀಶರು ‘ಆಗಬಹುದು’ ಎಂದು ಬದಲಿಸಿದ ಮೇಲೆಯೇ ಹಾಕಿದೆ.