ಆ Y ನೋಟು ಬೇಡ ಅಂದವರು

ಈ ಭಾನುವಾರ ಫ್ರಾಂಕ್‌ಫರ್ಟಿನಲ್ಲಿ ನಮ್ಮ ಕನ್ನಡದವರ ಊಟಕ್ಕೆ ದುಡ್ಡು ಒಟ್ಟು ಮಾಡುವಾಗ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಓದಲು ಬಂದ ಹುಡುಗಿಯೊಬ್ಬಳು ಹತ್ತು ಯೂರೋ ನೋಟು ಕೊಟ್ಟಳು. ಲೆಕ್ಕ ಬರೆಯುತ್ತಿದ್ದ ಹಿರಿಯರು ಹಿಂದೆ ತಿರುಗಿಸಿ ನಂಬರ್ ನೋಡಿದರು. "Y ಅಂದ್ರೆ ಗ್ರೀಸ್ ಅಲ್ವಾ? ಇದು ಬೇಡಮ್ಮ, ಬೇರೆ ಕೊಡು."

"ಸಾರ್, ಇಲ್ಲಿನ ಎಟಿಎಂನಲ್ಲೇ ಬಂದಿದ್ದು" ಅಂದಳು. ಮುಖ ಕೆಂಪಾಗಿತ್ತು.

ಅವರು ಕೆಟ್ಟವರಲ್ಲ. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವವರು. ಗ್ರೀಸ್ ಸಾಲದಲ್ಲಿ ಮುಳುಗಿದ್ದಾಗ ಜರ್ಮನಿಯಲ್ಲಿ ಒಂದು ಗಾಳಿಸುದ್ದಿ ಓಡಾಡಿತ್ತು: ಜರ್ಮನಿಯ X ನೋಟು ಇಟ್ಟುಕೊಳ್ಳಿ, ಗ್ರೀಸಿನ Y ಇದ್ದರೆ ಸಾಗಹಾಕಿ, ಯೂರೋ ಒಡೆದರೆ ಅದು ರದ್ದಿ. ಆ ಭಯ ಅವರಲ್ಲಿ ಹಾಗೇ ಉಳಿದಿದೆ.

ಗ್ರೀಸ್ ಅಂದದ್ದೇನೋ ಸರಿ. ಅವಳದು ಹೊಸ ಸರಣಿಯ ನೋಟು. 2013ರಲ್ಲಿ ಐದರ ನೋಟಿನಿಂದ ಶುರುವಾದ ಈ ಸರಣಿಯಲ್ಲಿ ನಂಬರಿಗೆ ಮೊದಲು ಎರಡು ಅಕ್ಷರ ಇರುತ್ತವೆ. ಮೊದಲನೆಯದು ಅಚ್ಚು ಹಾಕಿದ ಮುದ್ರಣಾಲಯದ್ದು. Y ಅಂದರೆ ಗ್ರೀಸ್ ಬ್ಯಾಂಕಿನ ಮುದ್ರಣಾಲಯ, S ಅಂದರೆ ಇಟಲಿಯದು. ಜರ್ಮನಿಗೆ ಒಂದೇ ಅಕ್ಷರ ಅಲ್ಲ: R, W, X ಮೂರೂ ಅಲ್ಲಿನವೇ.

2002ರ ಹಳೇ ನೋಟಿನ ಕಥೆ ಬೇರೆ. ಅದರಲ್ಲಿ ಒಂದೇ ಅಕ್ಷರ. ಅದು ಅಚ್ಚು ಹಾಕಿದ ದೇಶದ್ದಲ್ಲ, ಅಚ್ಚು ಹಾಕಿಸಿದ ದೇಶದ್ದು. H ಅಂದರೆ ಸ್ಲೊವೇನಿಯಾ. ಆದರೆ ಅಲ್ಲಿ ಯೂರೋ ನೋಟು ಅಚ್ಚಾಗುವುದೇ ಇಲ್ಲ, ಬೇರೆ ದೇಶದಲ್ಲಿ ಮಾಡಿಸಿದ್ದು. ಎಲ್ಲಿ ಅಂತ ತಿಳಿಯಬೇಕಾದರೆ ಮುಂಭಾಗದಲ್ಲಿ ಪುಟ್ಟ ಕೋಡ್ ಹುಡುಕಬೇಕು. ನನ್ನ ಹತ್ತಿರ ಹಳೇ ಇಪ್ಪತ್ತರ ನೋಟೊಂದಿದೆ. ಹಿಂದೆ S. ಮುಂದೆ ನಕ್ಷತ್ರಗಳ ಸುತ್ತಿನಲ್ಲಿ, ಗಡಿಯಾರದ ಒಂಬತ್ತರ ಜಾಗದ ನಕ್ಷತ್ರಕ್ಕೆ ಭೂತಗನ್ನಡಿ ಹಿಡಿದರೆ J ಇಂದ ಶುರುವಾಗುವ ಆರು ಅಕ್ಷರ-ಅಂಕಿ ಕಾಣುತ್ತವೆ. J ಅಂದರೆ ರೋಮ್‌ನ ಮುದ್ರಣಾಲಯ. ಇಟಲಿ ಹೇಳಿತು, ಇಟಲಿಯೇ ಅಚ್ಚು ಹಾಕಿತು. ಈ ಕೋಡಿನ ಅಕ್ಷರಗಳ ಪಟ್ಟಿಯೇ ಬೇರೆ. ನಂಬರಿನಲ್ಲಿ U ಫ್ರಾನ್ಸ್ ಆದರೆ, ಹಳೇ ಕೋಡಿನಲ್ಲಿ U ಪೋರ್ಚುಗಲ್ಲಿನ ಮುದ್ರಣಾಲಯ. ಎರಡನ್ನೂ ಬೆರೆಸಿಕೊಂಡರೆ ದೇಶವೇ ತಪ್ಪಿಹೋಗುತ್ತದೆ.

"ಇದು ಬೇಡಮ್ಮ" ಅನ್ನುವ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳುತ್ತಿದೆ. ಯಾಕಂದ್ರೆ ಆ ಅಕ್ಷರಕ್ಕೂ ನೋಟಿನ ಬೆಲೆಗೂ ಸಂಬಂಧವೇ ಇಲ್ಲ. ಚಲಾವಣೆಯಲ್ಲಿರುವ ನೋಟುಗಳ ಮೊತ್ತದಲ್ಲಿ ಶೇಕಡಾ 8 ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಲೆಕ್ಕಕ್ಕೆ ಹೋಗುತ್ತದೆ. ಉಳಿದ 92 ಆಯಾ ದೇಶಗಳ ಕೇಂದ್ರ ಬ್ಯಾಂಕುಗಳಿಗೆ, ಅವು ಅಲ್ಲಿ ಹೂಡಿದ ಬಂಡವಾಳದ ಪಾಲಿನಂತೆ ಹಂಚಿಕೆಯಾಗುತ್ತದೆ. ಯಾರ ಮುದ್ರಣಾಲಯದಿಂದ ಬಂತು ಅಂತ ಆ ಲೆಕ್ಕದಲ್ಲಿ ಯಾರೂ ನೋಡುವುದಿಲ್ಲ. ಮೇಲಾಗಿ, ಅಥೆನ್ಸಿನಲ್ಲಿ ಅಚ್ಚಾದದ್ದು ಜರ್ಮನಿಯ ಎಟಿಎಂಗೆ ಬರುವುದು ದಿನನಿತ್ಯದ ವಿಷಯ.

ಇದನ್ನೆಲ್ಲ ಅವರಿಗೆ ಹೇಳಿದೆ. ಸಮಾಧಾನದಿಂದ ಕೇಳಿದರು. ಆ ನೋಟನ್ನು ಡಬ್ಬಿಗೆ ಹಾಕಿಕೊಂಡು, ಅವಳ ಹೆಸರಿನ ಮುಂದೆ ಹತ್ತು ಅಂತ ಬರೆದರು. ಅವಳ ಹತ್ತಿರ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು ಅಂತ ನನಗನ್ನಿಸಿತು. ಆಡಲಿಲ್ಲ.